ಮನೆಯಲ್ಲೇ ಹೊಸ ಭಾಷೆಯ ವಾತಾವರಣ: ಫೋನ್, ಸ್ವಗತ, ಯೋಚನೆ – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮನೆಯಲ್ಲೇ ಕೂತು ಜರ್ಮನ್ ಕಲಿತೆ. ಸುತ್ತಮುತ್ತ ಆ ಭಾಷೆ ಮಾತಾಡುವವರು ಯಾರೂ ಇರಲಿಲ್ಲ. ಹಾಗಾಗಿ ಇಲ್ಲಿರುವ ಉದಾಹರಣೆಗಳೆಲ್ಲ ಜರ್ಮನ್‌ನವು. ನೀವು ಕಲಿಯುತ್ತಿರುವುದು ಬೇರೆ ಭಾಷೆಯಾದರೂ ಕೆಲಸ ಮಾಡುವ ರೀತಿ ಇದೇ. ತೆರೆ ಮೇಲೆ ಓದುವ ಪದಗಳನ್ನು ಅಲ್ಲಿ ಕಾಣುವ ಹಾಗೇ ಕೊಟ್ಟಿದ್ದೇನೆ, ಬಾಯಲ್ಲಿ ಹೇಳುವುದನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಉಚ್ಚಾರಣೆಯನ್ನು ಮಾತ್ರ ಕೇಳಿಯೇ ಕಲಿಯಬೇಕು.

## ಫೋನಿನಿಂದ ಶುರು

ಫೋನಿನ ಭಾಷೆ ಬದಲಾಯಿಸಿದ್ರೆ ನಿಜವಾಗ್ಲೂ ಭಾಷೆ ಬರುತ್ತಾ?

ಪದಗಳು ಬರುತ್ತವೆ, ಭಾಷೆ ಬರುವುದಿಲ್ಲ. ಫೋನಿನಲ್ಲಿ ಕಾಣುವುದು ಹೆಚ್ಚಾಗಿ ಬಿಡಿ ಪದಗಳು: `Speichern` ಅಂದರೆ ಉಳಿಸು, `Teilen` ಅಂದರೆ ಹಂಚು, `Suchen` ಅಂದರೆ ಹುಡುಕು, `Gestern` ಅಂದರೆ ನಿನ್ನೆ. ಇವನ್ನು ದಿನಕ್ಕೆ ಹತ್ತಾರು ಸಲ ನೋಡುತ್ತೀರಿ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಕೆಲಸದ ಜೊತೆ ನೋಡುತ್ತೀರಿ. ಹಾಗಾಗಿ ಬಾಯಿಪಾಠ ಮಾಡದೆಯೇ ನೆನಪಲ್ಲಿ ಉಳಿಯುತ್ತವೆ.

ಆದರೆ ಇಲ್ಲಿ ವಾಕ್ಯಗಳು ಕಡಿಮೆ. `Speichern` ಅಂತ ಸಾವಿರ ಸಲ ಓದಿದರೂ "ನಾನು ಉಳಿಸಿದೆ", "ನೀನು ಉಳಿಸಿದ್ಯಾ?" ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಬಾಯಿ ತೆರೆಯಬೇಕು. ಫೋನ್ ಬದಲಾಯಿಸುವುದು ಐದು ನಿಮಿಷದ ಕೆಲಸ, ಮಾಡಿಬಿಡಿ. ಅದನ್ನೇ ದೊಡ್ಡ ಹೆಜ್ಜೆ ಅಂದುಕೊಂಡು ಅಲ್ಲಿಗೇ ನಿಲ್ಲಬೇಡಿ.

ಕಲಿಯೋಕೆ ಶುರು ಮಾಡಿ ಒಂದು ವಾರ ಆಗಿದೆ ಅಷ್ಟೇ. ಈಗ್ಲೇ ಬದಲಾಯಿಸ್ಲಾ?

ಆ ಭಾಷೆಯ ಲಿಪಿ ಓದಲು ಬಂದರೆ ಸಾಕು, ಬದಲಾಯಿಸಿ. ಲಿಪಿ ಇನ್ನೂ ಬಾರದಿದ್ದರೆ ಕಾಯಿರಿ. ಓದಲು ಬಾರದ ಅಕ್ಷರ ಕಂಡಾಗ ಕಣ್ಣು ಸೀದಾ ಚಿತ್ರದ ಕಡೆ ಹೋಗುತ್ತದೆ, ಪದ ಕಲಿತ ಹಾಗೆ ಆಗುವುದಿಲ್ಲ.

ಒಮ್ಮೆಲೇ ಇಡೀ ಫೋನ್ ಬದಲಾಯಿಸಲು ಭಯವಾದರೆ ಒಂದೇ ಆ್ಯಪ್‌ನಿಂದ ಶುರು ಮಾಡಿ. ಆಂಡ್ರಾಯ್ಡ್ 13ರಿಂದ, ಐಫೋನ್‌ನಲ್ಲಿ ಐಒಎಸ್ 13ರಿಂದ, ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಇಡುವ ಸೌಲಭ್ಯ ಇದೆ. ಆದರೆ ಆ್ಯಪ್ ಮಾಡಿದವರು ಆ ಭಾಷೆಯನ್ನು ಸೇರಿಸಿರಬೇಕು. ನಾನಾದರೆ ಗಡಿಯಾರ, ಕ್ಯಾಲೆಂಡರ್, ಫೋಟೋಗಳಂಥವನ್ನು ಮೊದಲು ಆರಿಸುತ್ತೇನೆ. ಅಲ್ಲಿ ತಪ್ಪು ಒತ್ತಿದರೂ ನಷ್ಟ ಕಡಿಮೆ.

ಬದಲಾಯಿಸಿದ ಮೇಲೆ ಏನೂ ಅರ್ಥ ಆಗದೆ ಸಿಕ್ಕಿಹಾಕಿಕೊಂಡ್ರೆ ವಾಪಸ್ ಬರೋದು ಹೇಗೆ?

ಬದಲಾಯಿಸುವ ಮೊದಲೇ ದಾರಿ ಬರೆದಿಟ್ಟುಕೊಳ್ಳಿ, ಅದೂ ಕಾಗದದ ಮೇಲೆ. ಎಷ್ಟನೇ ಸಾಲು ಒತ್ತಿದ್ರಿ ಅನ್ನುವುದನ್ನೂ ಬರೆಯಿರಿ. ಜರ್ಮನ್‌ನಲ್ಲಿ ಆ ದಾರಿ ಹೀಗಿರುತ್ತದೆ. ಮೊದಲನೆಯದು ಐಫೋನ್‌ದು, ಎರಡನೆಯದು ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳದ್ದು:

```
Einstellungen > Allgemein > Sprache & Region
Einstellungen > System > Sprachen
```

ಆಂಡ್ರಾಯ್ಡ್‌ನಲ್ಲಿ ಫೋನ್ ಮಾಡಿದ ಕಂಪನಿಯನ್ನು ನೋಡಿಕೊಂಡು ಈ ಹೆಸರು ಸ್ವಲ್ಪ ಬದಲಾಗಬಹುದು. `Sprache` ಅನ್ನುವ ಒಂದು ಪದ ನೆನಪಿದ್ದರೆ ಸಾಕು, ಅದೇ ಭಾಷೆ. ಇನ್ನೊಂದು ಸಮಾಧಾನದ ವಿಷಯ: ಭಾಷೆಗಳ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರುತ್ತದೆ. "ಕನ್ನಡ" ಅನ್ನುವುದು ಕನ್ನಡದಲ್ಲೇ ಕಾಣುತ್ತದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. `Zurück` ಅಂದರೆ ಹಿಂದಕ್ಕೆ. `Zurücksetzen` ಅಂದರೆ ಎಲ್ಲವನ್ನೂ ಮೊದಲಿದ್ದ ಸ್ಥಿತಿಗೆ ತರುವುದು. ಮೊದಲ ಆರು ಅಕ್ಷರ ಒಂದೇ, ಅಲ್ವಾ? ಗಾಬರಿಯಲ್ಲಿ ಇರುವವರು ಎರಡನೆಯದನ್ನು ಒತ್ತಿಬಿಡಬಹುದು. ಹಾಗೇ `Löschen` ಅಂದರೆ ಅಳಿಸು, `Abbrechen` ಅಂದರೆ ಬೇಡ, ಬಿಡು. ನಿಮ್ಮ ಭಾಷೆ ಯಾವುದೇ ಇರಲಿ, ಈ ನಾಲ್ಕು ಪದಗಳನ್ನು ಮೊದಲು ಕಲಿತು, ಆಮೇಲೆ ಫೋನ್ ಮುಟ್ಟಿ.

ಬ್ಯಾಂಕ್ ಆ್ಯಪ್, ತುರ್ತು ಸಂಖ್ಯೆ ಇವನ್ನೂ ಬದಲಾಯಿಸ್ಬೇಕಾ?

ಬೇಡ. ದುಡ್ಡು, ಆರೋಗ್ಯ, ತುರ್ತು ಕರೆ ಇವೆಲ್ಲ ನಿಮಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ ಇರಲಿ.

ಅಂಕಿಗಳ ಬಗ್ಗೆಯೂ ಒಂದು ಎಚ್ಚರಿಕೆ. ಭಾಷೆ ಬೇರೆ, ಪ್ರದೇಶ ಬೇರೆ. ಪ್ರದೇಶವನ್ನೂ ಜರ್ಮನಿ ಅಂತ ಇಟ್ಟರೆ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬರುತ್ತದೆ, ಸಾವಿರವನ್ನು ಬೇರೆ ಮಾಡಲು ಚುಕ್ಕಿ ಬರುತ್ತದೆ. ಅಲ್ಲಿ `1.500` ಅಂದರೆ ಸಾವಿರದ ಐನೂರು, `1,5` ಅಂದರೆ ಒಂದೂವರೆ. ಇದು ತಲೆಗೆ ಹೋಗುವ ತನಕ ಪ್ರದೇಶವನ್ನು ನಿಮ್ಮದೇ ಇಟ್ಟುಕೊಳ್ಳಿ. ಕೆಲವು ಫೋನ್‌ಗಳಲ್ಲಿ ಭಾಷೆಯ ಜೊತೆ ಇದೂ ತಾನಾಗಿ ಬದಲಾಗುತ್ತದೆ, ಒಮ್ಮೆ ನೋಡಿಕೊಳ್ಳಿ.

ಒಂದು ತಿಂಗಳಾಯ್ತು. ಈಗ ಫೋನಲ್ಲಿ ಏನೂ ಓದ್ತಾನೇ ಇಲ್ಲ, ಬೆರಳು ತಾನಾಗೇ ಹೋಗುತ್ತೆ. ಮುಂದೇನು?

ಹೀಗೆ ಆಗಲೇಬೇಕು. ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಾದ ಮೇಲೆ ಕಣ್ಣಿಗೆ ಓದುವ ಕೆಲಸ ಇರುವುದಿಲ್ಲ. ಪರೀಕ್ಷೆ ಮಾಡಬೇಕಾದರೆ ಫೋನ್ ಪಕ್ಕಕ್ಕಿಟ್ಟು, ಸೆಟ್ಟಿಂಗ್ಸ್ ಪುಟದ ಪದಗಳನ್ನು ನೆನಪಿನಿಂದ ಬರೆಯಲು ನೋಡಿ. ನನಗೆ ಮೊದಲ ಸಲ ಏಳು ಪದ ಮಾತ್ರ ನೆನಪಾಯಿತು.

ಇಲ್ಲಿಂದ ಮುಂದೆ ಫೋನ್ ಬರೆದದ್ದನ್ನು ಓದುವುದಕ್ಕಿಂತ ನೀವೇ ಬರೆದದ್ದನ್ನು ಓದಿ. ಜ್ಞಾಪನೆಗಳು, ಅಲಾರಂ ಹೆಸರು, ಕ್ಯಾಲೆಂಡರ್, ಕೆಲಸದ ಪಟ್ಟಿ ಎಲ್ಲವನ್ನೂ ಆ ಭಾಷೆಯಲ್ಲಿ ಬರೆಯಿರಿ. ಸಂಜೆ ಐದಕ್ಕೆ ನನ್ನ ಫೋನ್ `Wäsche abnehmen` ಅನ್ನುತ್ತಿತ್ತು, ಅಂದರೆ ಒಣಗಿದ ಬಟ್ಟೆ ತೆಗೆ. ಅದನ್ನು ಓದಿ ಎದ್ದು ಹೋಗಬೇಕು. ಪದಕ್ಕೂ ಮೈಗೂ ನಂಟು ಬೆಳೆಯುವುದು ಹೀಗೆ.

ಬರೆಯಲು ಆ ಭಾಷೆಯ ಕೀಬೋರ್ಡನ್ನೂ ಸೇರಿಸಬೇಕು. ಕೀಬೋರ್ಡ್ ಭಾಷೆ ಫೋನಿನ ಭಾಷೆಗಿಂತ ಬೇರೆ ಸೆಟ್ಟಿಂಗ್. ಕನ್ನಡ ಕೀಬೋರ್ಡ್ ಹಾಗೇ ಇರುತ್ತದೆ, ಅದರ ಜೊತೆಗೆ ಇದೂ ಬರುತ್ತದೆ.

## ಒಬ್ಬರೇ ಮಾತಾಡುವುದು

ಒಬ್ನೇ ಮಾತಾಡೋಕೆ ಏನಿದೆ? ಎರಡು ವಾಕ್ಯ ಆದ್ಮೇಲೆ ನಿಂತ್ಹೋಗುತ್ತೆ.

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ನಿಂತು ಹೋಗುವುದಕ್ಕೆ ಕಾರಣ ಹೆಚ್ಚಿನ ಸಲ ವಿಷಯ ತೀರಾ ಅಗಲವಾಗಿರುವುದು. "ನನ್ನ ಬಗ್ಗೆ", "ನನ್ನ ದಿನದ ಬಗ್ಗೆ" ಅಂತ ಶುರು ಮಾಡಿದರೆ ಬೇಗ ಮುಗಿಯುತ್ತದೆ. ಬದಲಿಗೆ ಕೈಯಲ್ಲಿ ಮಾಡುವ ಒಂದೇ ಸಣ್ಣ ಕೆಲಸ ಹಿಡಿಯಿರಿ, ಅದನ್ನು ಒಂದು ವಾರ ಬಿಡಬೇಡಿ. ನಾನು ಹಿಡಿದದ್ದು ಬಟ್ಟೆ ಮಡಚುವ ಕೆಲಸ. ದಿನಕ್ಕೆ ಹತ್ತು ನಿಮಿಷ.

ಮೊದಲ ದಿನ ನನ್ನ ಹತ್ತಿರ ಇದ್ದದ್ದು ಇಷ್ಟೇ: "ದಾಸ್ ಇಸ್ಟ್ ಐನ್ ಹೆಮ್ಟ್" (ಇದು ಒಂದು ಅಂಗಿ), "ದಾಸ್ ಹೆಮ್ಟ್ ಇಸ್ಟ್ ಬ್ಲೌ" (ಅಂಗಿ ನೀಲಿ), "ಇಶ್ ಫಾಲ್ಟೆ ದಾಸ್ ಹೆಮ್ಟ್" (ನಾನು ಅಂಗಿ ಮಡಚುತ್ತೇನೆ). ಪ್ರತಿ ಬಟ್ಟೆಗೂ ಇದನ್ನೇ ಹೇಳಿದೆ. ಬೇಜಾರಾಗುತ್ತದೆ, ನಿಜ. ಆದರೆ ಆ ಬೇಜಾರಿನಲ್ಲೇ ಕಣ್ಣು ಬೇರೆ ವಿಷಯ ಹುಡುಕಲು ಶುರು ಮಾಡಿತು. ಒಂದು ಅಂಗಿ ಇನ್ನೂ ಸ್ವಲ್ಪ ಒದ್ದೆ. ಇನ್ನೊಂದಕ್ಕೆ ಗುಂಡಿ ಇಲ್ಲ. ಮೂರನೆಯದು ಒಳಮೈ ಹೊರಗಾಗಿ ಒಣಗಿದೆ. ಈ ಮೂರೂ ನನಗೆ ಹೇಳಲು ಬರಲಿಲ್ಲ.

ಈ ಜಾಗಗಳೇ ಮುಖ್ಯ. ಕೆನಡಾದ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಇದನ್ನೇ ಗುರುತಿಸಿದರು. ಫ್ರೆಂಚ್‌ನಲ್ಲೇ ಪಾಠ ಕೇಳುತ್ತ ಬೆಳೆದ ಅಲ್ಲಿನ ಮಕ್ಕಳಿಗೆ ಕೇಳಿದ್ದು ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಮಾತಾಡುವಾಗ, ಬರೆಯುವಾಗ ವ್ಯಾಕರಣ ಅಷ್ಟು ಗಟ್ಟಿ ಇರಲಿಲ್ಲ. ಕೇಳುವಾಗ ಅಂದಾಜಿನಲ್ಲಿ ಸಾಗಬಹುದು. ಹೇಳಲು ಹೊರಟಾಗ ಮಾತ್ರ ಏನು ಗೊತ್ತಿಲ್ಲ ಅನ್ನುವುದು ಕೈಗೆ ತಗಲುತ್ತದೆ.

ಮಡಚುವಾಗ ನಿಘಂಟು ತೆಗೆಯಬೇಡಿ. ಸಿಕ್ಕಿಕೊಂಡ ಜಾಗವನ್ನು ಕನ್ನಡದಲ್ಲೇ ಹೇಳಿ ಮುಂದೆ ಹೋಗಿ. ಕೆಲಸ ಮುಗಿದ ಮೇಲೆ ಮೂರೇ ಮೂರನ್ನು ಹುಡುಕಿ ಬರೆದುಕೊಳ್ಳಿ, ಜಾಸ್ತಿ ಬೇಡ. ನನ್ನ ಮೂರು ಹೀಗಿದ್ದವು: "ನೊಖ್ ಫೊಯ್ಷ್ಟ್" (ಇನ್ನೂ ಒದ್ದೆ), "ಐನ್ ಕ್ನೊಪ್ಫ್ ಫೇಲ್ಟ್" (ಒಂದು ಗುಂಡಿ ಇಲ್ಲ), "ಔಫ್ ಲಿಂಕ್ಸ್ ಗೆಡ್ರೇಟ್" (ಒಳಮೈ ಹೊರಗಾಗಿದೆ). ಮಾರನೇ ದಿನ ಮತ್ತೆ ಬಟ್ಟೆ, ಮತ್ತೆ ಅದೇ ಮಾತು. ಈ ಸಲ ಆ ಮೂರು ಕೈಯಲ್ಲಿದ್ದವು.

ನಾಲ್ಕನೇ ದಿನ ಕಾಲ ಬದಲಾಯಿಸಿದೆ. ಮಡಚಿದ ಮೇಲೆ "ಇಶ್ ಹಾಬೆ ದಾಸ್ ಹೆಮ್ಟ್ ಗೆಫಾಲ್ಟೆಟ್" (ಅಂಗಿ ಮಡಚಿದೆ). ಏಳನೇ ದಿನ ಕಾರಣ ಸೇರಿಸಿದೆ: "ಇಶ್ ಫಾಲ್ಟೆ ದಾಸ್ ಹೆಮ್ಟ್ ನಿಷ್ಟ್, ವೈಲ್ ಎಸ್ ನೊಖ್ ಫೊಯ್ಷ್ಟ್ ಇಸ್ಟ್." ಒದ್ದೆ ಇರುವುದರಿಂದ ಮಡಚುವುದಿಲ್ಲ ಅಂತ. ಇಲ್ಲಿ "ವೈಲ್" ಬಂದ ಕೂಡಲೇ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಅಭ್ಯಾಸದಿಂದ ಬಂದವರಿಗೆ ಇದು ಕಷ್ಟ. ಕನ್ನಡದವರಿಗೆ "ಇನ್ನೂ ಒದ್ದೆ ಇದೆ" ಅಂತ ಕೊನೆಯಲ್ಲಿ "ಇದೆ" ಹೇಳುವುದು ಹುಟ್ಟಿನಿಂದ ಬಂದದ್ದು. ಆ ದಿನ ನನಗಾದ ಖುಷಿ ಈಗಲೂ ನೆನಪಿದೆ.

ತಿದ್ದೋರು ಯಾರೂ ಇಲ್ಲ. ತಪ್ಪು ಮಾತಾಡ್ತಾ ಮಾತಾಡ್ತಾ ತಪ್ಪೇ ಗಟ್ಟಿಯಾಗಲ್ವಾ?

ಆಗಬಹುದು. ಈ ಭಯ ಸುಮ್ಮನೆ ಬಂದದ್ದಲ್ಲ. ಅದಕ್ಕೇ ನಾನು ಎರಡು ಕೆಲಸ ಮಾಡುತ್ತೇನೆ.

ಒಂದು, ವಾರಕ್ಕೊಮ್ಮೆ ಎರಡು ನಿಮಿಷದ ಮಾತನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿ, ಕೇಳುತ್ತ ಬರೆದುಕೊಳ್ಳುವುದು. ಮಾತಾಡುವಾಗ ಕಾಣದ ತಪ್ಪು ಬರೆದಾಗ ಕಾಣುತ್ತದೆ. ಎಲ್ಲವನ್ನೂ ತಿದ್ದುವುದಿಲ್ಲ. ಮತ್ತೆ ಮತ್ತೆ ಬರುವ ಒಂದೇ ತಪ್ಪನ್ನು ಆ ವಾರಕ್ಕೆ ಹಿಡಿಯುತ್ತೇನೆ.

ಎರಡು, ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ಜರ್ಮನ್‌ಗೆ ಇಟ್ಟು ಬಿಡಿ ಪದ ಹೇಳುವುದು. `schon` ಅಂದರೆ ಆಗಲೇ, `schön` ಅಂದರೆ ಚೆಂದ. ನಾನು ಎರಡನೆಯದನ್ನು ಹೇಳಿದಾಗೆಲ್ಲ ಫೋನ್ ಮೊದಲನೆಯದನ್ನೇ ಬರೆಯುತ್ತಿತ್ತು. ತುಟಿ ದುಂಡಗೆ ಮಾಡಿ ಒಳಗೆ "ಏ" ಹೇಳಬೇಕು ಅಂತ ಗೊತ್ತಾಗಿ, ಅದು ಸರಿಯಾಗಲು ಹತ್ತು ದಿನ ಹಿಡಿಯಿತು. ಇಡೀ ವಾಕ್ಯ ಹೇಳಿ ಪರೀಕ್ಷೆ ಮಾಡಬೇಡಿ. ಅಕ್ಕಪಕ್ಕದ ಪದ ನೋಡಿ ಫೋನ್ ಊಹೆ ಮಾಡಿಬಿಡುತ್ತದೆ, ನಿಮ್ಮ ತಪ್ಪು ಮುಚ್ಚಿಹೋಗುತ್ತದೆ.

ಇದಿಷ್ಟರಿಂದ ಎಲ್ಲ ತಪ್ಪೂ ಸಿಗುವುದಿಲ್ಲ. ಕೊನೆಯ ಪ್ರಶ್ನೆಯಲ್ಲಿ ಅದರ ಬಗ್ಗೆ ಹೇಳಿದ್ದೇನೆ.

ಮನೇಲಿ ಎಲ್ರೂ ಇರ್ತಾರೆ. ಒಬ್ಳೇ ಮಾತಾಡ್ತಿದ್ರೆ ಏನಂದ್ಕೋತಾರೋ ಅಂತ ನಾಚಿಕೆ.

ಮೊದಲೇ ಹೇಳಿಬಿಡಿ: "ದಿನಾ ಹತ್ತು ನಿಮಿಷ ನಾನು ಅಭ್ಯಾಸ ಮಾಡ್ತೀನಿ, ಮಾತಾಡಿಸ್ಬೇಡಿ." ಎರಡು ದಿನ ನೋಡುತ್ತಾರೆ, ಮೂರನೇ ದಿನ ಗಮನ ಕೊಡುವುದಿಲ್ಲ. ಅದೂ ಆಗದಿದ್ದರೆ ಪಿಸುಮಾತು ಸಾಕು, ಇಲ್ಲವೇ ಫೋನನ್ನು ಕಿವಿಗೆ ಹಿಡಿದುಕೊಳ್ಳಿ. ಆದರೆ ತುಟಿ ಆಡಲಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ವಾಕ್ಯಕ್ಕೇ "ಗೊತ್ತು" ಅಂತ ಮುಂದೆ ಓಡುತ್ತೇವೆ.

ಅದೇ ವಿಷಯ ಹೇಳ್ತೀನಿ, ಆದ್ರೆ ತಡವರಿಸ್ತೀನಿ. ವೇಗ ಬರೋದು ಹೇಗೆ?

ಹೊಸ ವಿಷಯ ಹುಡುಕಬೇಡಿ, ಹಳೆಯದನ್ನೇ ಕಡಿಮೆ ಸಮಯದಲ್ಲಿ ಹೇಳಿ. ಭಾಷೆ ಕಲಿಸುವವರು ಇದನ್ನು 4/3/2 ಅನ್ನುತ್ತಾರೆ. ಒಂದೇ ಮಾತನ್ನು ಮೊದಲು 4 ನಿಮಿಷದಲ್ಲಿ, ಆಮೇಲೆ 3ರಲ್ಲಿ, ಕೊನೆಗೆ 2ರಲ್ಲಿ ಹೇಳುವುದು. ತರಗತಿಯಲ್ಲಿ ಪ್ರತಿ ಸಲ ಬೇರೆ ಜೊತೆಗಾರರಿಗೆ ಹೇಳುತ್ತಾರೆ. ಮನೆಯಲ್ಲಿ ಗೋಡೆಗೆ ಹೇಳಿದರೂ ನಡೆಯುತ್ತದೆ. ಮೂರನೇ ಸಲಕ್ಕೆ "ಏನು ಹೇಳಲಿ" ಅನ್ನುವ ಯೋಚನೆ ಇರುವುದಿಲ್ಲ, ಬಾಯಿಗೆ ಮಾತ್ರ ಕೆಲಸ. ನಾಲ್ಕು ನಿಮಿಷ ಜಾಸ್ತಿ ಅನಿಸಿದರೆ 2, 1½, 1 ಅಂತ ಇಟ್ಟುಕೊಳ್ಳಿ. ಕೊನೆಯ ಸುತ್ತಿನಲ್ಲಿ ವಾಕ್ಯಗಳು ಮುರಿದು ಬಿಡಿ ಪದಗಳಾದರೆ ಸಮಯ ತೀರಾ ಕಡಿಮೆ ಇಟ್ಟಿದ್ದೀರಿ ಅಂತ ಅರ್ಥ.

## ಆ ಭಾಷೆಯಲ್ಲೇ ಯೋಚಿಸುವುದು

ಏನೇ ಮಾಡಿದ್ರೂ ಮನಸ್ಸಲ್ಲಿ ಮೊದ್ಲು ಇಂಗ್ಲಿಷ್ ಬರುತ್ತೆ, ಆಮೇಲೆ ಅನುವಾದ. ಇದನ್ನ ನಿಲ್ಲಿಸೋದು ಹೇಗೆ?

ಹಠ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಅನುವಾದ ಮಾಡಲು ಪುರುಸೊತ್ತೇ ಇಲ್ಲದಷ್ಟು ಬೇಗ ಬರುವ ಇಡಿ ಇಡಿ ಮಾತುಗಳನ್ನು ಕೂಡಿಸಿಕೊಳ್ಳಬೇಕು. ಅದೂ ದಿನಕ್ಕೆ ಹತ್ತು ಸಲ ಮನಸ್ಸಿಗೆ ಬರುವ ಸಣ್ಣ ಅನಿಸಿಕೆಗಳಿಂದ ಶುರು ಮಾಡಿ: ಚಳಿ, ಬೇಜಾರು, ಇಷ್ಟ ಆಯ್ತು, ನೆನಪಾಯ್ತು.

ಇಲ್ಲೊಂದು ಸಂಗತಿ ನನಗೆ ತುಂಬ ತಡವಾಗಿ ಹೊಳೆಯಿತು. ಶಾಲೆಯಲ್ಲಿ ಕಲಿತ ಎರಡನೇ ಭಾಷೆ ಇಂಗ್ಲಿಷ್ ಆದ್ದರಿಂದ, ಮೂರನೇ ಭಾಷೆಗೆ ಹೊರಟಾಗ ಮನಸ್ಸು ಇಂಗ್ಲಿಷ್ ಬಾಗಿಲಿಗೇ ಹೋಗುತ್ತದೆ. ಚಳಿಯಾದಾಗ ನಾನು "ಇಶ್ ಬಿನ್ ಕಾಲ್ಟ್" ಅನ್ನುತ್ತಿದ್ದೆ. ಅದು ಇಂಗ್ಲಿಷ್ ವಾಕ್ಯದ ನಕಲು. ಜರ್ಮನ್‌ನಲ್ಲಿ ಅದನ್ನು ಕೇಳಿದರೆ "ನಾನು ಕಲ್ಲು ಮನಸ್ಸಿನವನು" ಅನ್ನುವ ಥರ ಇರುತ್ತದೆ. ಸರಿಯಾದದ್ದು "ಮಿಯರ್ ಇಸ್ಟ್ ಕಾಲ್ಟ್". "ಮಿಯರ್" ಅಂದರೆ ನನಗೆ. ನನಗೆ ಚಳಿ! ಕನ್ನಡದಲ್ಲಿ ಹೇಳುವುದೂ ಅದೇ ತಾನೇ? "ಮಿಯರ್ ಇಸ್ಟ್ ಲಾಂಗ್‌ವೈಲಿಶ್" ಅಂದರೆ ನನಗೆ ಬೇಜಾರು. "ಎಸ್ ಗೆಫೆಲ್ಟ್ ಮಿಯರ್" ಅಂದರೆ ನನಗೆ ಇಷ್ಟ ಆಗುತ್ತೆ. ಇಷ್ಟು ಹತ್ತಿರದ ದಾರಿ ಬಿಟ್ಟು ಸುತ್ತು ಹಾಕುತ್ತಿದ್ದೆ.

ಎಲ್ಲ ಕಡೆಯೂ ಹೀಗೆ ಕೂಡಿ ಬರುವುದಿಲ್ಲ. "ನನಗೆ ಹಸಿವು" ಅನ್ನಲು "ಇಶ್ ಹಾಬೆ ಹುಂಗರ್" (ನನ್ನ ಹತ್ತಿರ ಹಸಿವಿದೆ) ಅನ್ನಬೇಕು. ಅದಕ್ಕೇ ಪದ ಪದ ಜೋಡಿಸದೆ ಇಡೀ ಮಾತನ್ನೇ ಕಲಿಯಿರಿ. ಆ ಅನಿಸಿಕೆ ಬಂದ ಗಳಿಗೆಯಲ್ಲೇ ಹೇಳಿ. ಚಳಿಯಾದಾಗ ಹೇಳಿದ "ಮಿಯರ್ ಇಸ್ಟ್ ಕಾಲ್ಟ್" ಚಳಿಗೇ ಅಂಟಿಕೊಳ್ಳುತ್ತದೆ, ನಡುವೆ ಬೇರೆ ಭಾಷೆ ಬೇಕಾಗುವುದಿಲ್ಲ.

ಪದ ಗೊತ್ತಿಲ್ದೇ ಇದ್ದಾಗ ಯೋಚನೆನೇ ನಿಂತ್ಬಿಡುತ್ತೆ.

ಗೊತ್ತಿಲ್ಲದ ಪದದ ಜಾಗಕ್ಕೆ ಕನ್ನಡ ಪದ ಇಟ್ಟು, ವಾಕ್ಯದ ಉಳಿದ ಭಾಗವನ್ನು ಆ ಭಾಷೆಯಲ್ಲೇ ಮುಗಿಸಿ. "ವೋ ಇಸ್ಟ್ ದಾಸ್ ಇಕ್ಕಳ?" (ಇಕ್ಕಳ ಎಲ್ಲಿದೆ?) ಅಂದರೂ ಆ ಭಾಷೆಯ ವಾಕ್ಯ ಕಟ್ಟಿದ ಹಾಗೇ ಆಯಿತು. ಜರ್ಮನರೇ ಪದ ಮರೆತಾಗ "ಡಿಂಗ್ಸ್" ಅನ್ನುತ್ತಾರೆ, ನಾವು "ಅದು... ಅದೇ" ಅನ್ನುವ ಹಾಗೆ. ನಿಮ್ಮ ಭಾಷೆಯಲ್ಲೂ ಅಂಥ ಪದ ಇದೆಯೇ ಅಂತ ಹುಡುಕಿ, ಮೊದಲ ವಾರವೇ ಕಲಿಯಿರಿ.

ನಾನು ಆ ಭಾಷೇಲೇ ಯೋಚಿಸ್ತಿದೀನಿ ಅಂತ ಗೊತ್ತಾಗೋದು ಹೇಗೆ?

ಬೇಕೆಂದು ಮಾಡದೆ ಒಂದು ಮಾತು ಬಾಯಿಗೆ ಬಂದರೆ, ಅಷ್ಟರ ಮಟ್ಟಿಗೆ ಹೌದು. ಏನೋ ಕೆಳಗೆ ಬಿದ್ದಾಗ, ಕೀಲಿ ಕಾಣದಿದ್ದಾಗ ಏನು ಬಂತು ಅಂತ ಗಮನಿಸಿ. ಇದು ಒಂದು ದಿನ ಗುಂಡಿ ಒತ್ತಿದ ಹಾಗೆ ಶುರುವಾಗುವುದಿಲ್ಲ. ಬಟ್ಟೆ ಮಡಚುವಾಗ ಜರ್ಮನ್‌ನಲ್ಲೇ ಯೋಚಿಸುವ ನಾನು ಲೆಕ್ಕ ಮಾಡುವಾಗ ಈಗಲೂ ಕನ್ನಡಕ್ಕೇ ಬರುತ್ತೇನೆ. ಜರ್ಮನ್‌ನಲ್ಲಿ ಇಪ್ಪತ್ತೊಂದನ್ನು "ಒಂದು ಮತ್ತು ಇಪ್ಪತ್ತು" ಅನ್ನುತ್ತಾರೆ, "ಐನ್‌ಉಂಟ್‌ತ್ಸ್ವಾನ್ತ್ಸಿಶ್". ಎಣಿಕೆ ಕೊನೆಗೆ ಬದಲಾಗುತ್ತದೆ, ಬದಲಾಗದೆಯೂ ಇರಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ.

ಇಷ್ಟು ಮಾಡಿದ್ರೆ ಸಾಕಾ? ಮನೇಲೇ ಕೂತು ಭಾಷೆ ಪೂರ್ತಿ ಬರುತ್ತಾ?

ಸಾಕಾಗುವುದಿಲ್ಲ. ಒಬ್ಬರೇ ಮಾತಾಡುವಾಗ ನಿಮ್ಮಲ್ಲಿ ಈಗಾಗಲೇ ಇರುವುದು ಚುರುಕಾಗುತ್ತದೆ, ಹೊಸದು ಒಳಗೆ ಬರುವುದಿಲ್ಲ. ಹೊಸದು ಆ ಭಾಷೆಯವರ ಮಾತು ಕೇಳುವುದರಿಂದಲೇ ಬರಬೇಕು. ನೀವು ಹತ್ತು ನಿಮಿಷ ಮಾತಾಡಿದರೆ ಇಪ್ಪತ್ತು ನಿಮಿಷವಾದರೂ ಕೇಳಿ. ಸಾಧ್ಯವಾದರೆ ನೀವು ಹೇಳಲು ಹೆಣಗಿದ ಅದೇ ವಿಷಯವನ್ನು ಕೇಳಿ.

ಮೂರನೇ ವಾರದಲ್ಲಿ ನಾನು ಮನೆಗೆಲಸದ ಒಂದು ಜರ್ಮನ್ ವೀಡಿಯೋ ನೋಡುತ್ತಿದ್ದೆ. ಅದರಲ್ಲಿ ಒಬ್ಬರು ಅಂಗಿ ಮಡಚುತ್ತ "ಇಶ್ ಲೇಗೆ ದಾಸ್ ಹೆಮ್ಟ್ ತ್ಸುಜಾಮೆನ್" ಅಂದರು. ನಾನು ಅಷ್ಟು ದಿನ ಹೇಳುತ್ತಿದ್ದ "ಫಾಲ್ಟೆ" ತಪ್ಪೇನಲ್ಲ, ಅರ್ಥವಾಗುತ್ತದೆ. ಆದರೆ ಅದು ಹೆಚ್ಚಾಗಿ ಕಾಗದಕ್ಕೆ ಬರುವ ಪದ. ಒಗೆದ ಬಟ್ಟೆಗೆ ಮನೆಗಳಲ್ಲಿ ಜಾಸ್ತಿ ಬಳಸುವುದು "ತ್ಸುಜಾಮೆನ್‌ಲೇಗೆನ್", ಕೂಡಿಸಿ ಇಡುವುದು. ಮೂರು ವಾರ ಒಬ್ಬನೇ ಮಾತಾಡಿದರೂ ಇದು ನನಗೆ ಹೊಳೆದಿರಲಿಲ್ಲ, ಹೊಳೆಯುವ ದಾರಿಯೂ ಇರಲಿಲ್ಲ. ಆದರೆ ಅಷ್ಟು ದಿನ ಅದೇ ವಾಕ್ಯ ಹೇಳಿದ್ದರಿಂದಲೇ ಆ ಒಂದು ಪದ ಕಿವಿಗೆ ಬಿದ್ದ ಕೂಡಲೇ ವೀಡಿಯೋ ನಿಲ್ಲಿಸಿದೆ. ಅವತ್ತು ಸಂಜೆ ಬಟ್ಟೆ ಮಡಚುವಾಗ ಅದನ್ನೇ ಹೇಳಿದೆ.